ಪತ್ತೆಗೆ ನಿಲುಕದ ವೈರಾಣು: ಒಂದು ಫಲಿತಾಂಶದ ಅರ್ಥವ್ಯಾಪ್ತಿ

ಎಚ್‌ಐವಿ ಸೋಂಕಿತರ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ವೈರಾಣುವಿನ ಆರ್‌ಎನ್‌ಎ ಪ್ರತಿಗಳೆಷ್ಟೆಂಬುದನ್ನು ವೈರಲ್ ಲೋಡ್ ಪರೀಕ್ಷೆ ಅಳೆದರೆ, ವೈರಾಣುವಿಗೆ ಬಲಿಯಾಗುವ ರೋಗನಿರೋಧಕ ಕೋಶಗಳೆಷ್ಟು ಉಳಿದಿವೆಯೆಂಬುದನ್ನು ಸಿಡಿ4 ಎಣಿಕೆ ಅಳೆಯುತ್ತದೆ. ಮೊದಲನೆಯದು ಮುಂದಾಗಲಿರುವ ಹಾನಿಯ ವೇಗವನ್ನೂ ಎರಡನೆಯದು ಈಗಾಗಲೇ ಆಗಿರುವ ಹಾನಿಯನ್ನೂ ಸೂಚಿಸುತ್ತದೆಂಬುದು, 1996ರಲ್ಲಿ ಜಾನ್ ಮೆಲರ್ಸ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾದ ತರುವಾಯ, ಬಹುಮಟ್ಟಿಗೆ ಸರ್ವಸಮ್ಮತವಾಗಿದೆ. ಚರ್ಚೆಗೆ ಆಸ್ಪದವಿರುವುದು ವೈರಾಣು ಪತ್ತೆಯಾಗಲಿಲ್ಲವೆಂಬ ಫಲಿತಾಂಶದಿಂದ ಏನನ್ನು ಅನುಮಾನಿಸಬಹುದೆಂಬಲ್ಲಿ.

ಚಿಕಿತ್ಸೆಯಿಂದ ವೈರಲ್ ಲೋಡ್ ಇಳಿಯುವ ಗತಿಯನ್ನು ಗಣಿಸಿ, 1997ರಲ್ಲಿ ಅಲನ್ ಪೆರೆಲ್ಸನ್, ಡೇವಿಡ್ ಹೋ ಮೊದಲಾದವರು, ವೃದ್ಧಿಯನ್ನು ಪೂರ್ಣವಾಗಿ ತಡೆದಲ್ಲಿ ತಮಗೆ ಗೋಚರವಾದ ಕೋಶಸಮೂಹಗಳಿಂದ ವೈರಾಣು ಎರಡು ಮೂರು ವರ್ಷಗಳಲ್ಲಿ ನಿರ್ಮೂಲವಾದೀತೆಂದರು. ಅಗೋಚರವಾದ ಆಶ್ರಯಗಳಿರಬಹುದೆಂಬ ಎಚ್ಚರಿಕೆಯನ್ನು ಅವರೇ ಸೇರಿಸಿದ್ದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆ ಆಶ್ರಯ ಅದೇ ವರ್ಷ ಗೋಚರಿಸಿತು. ವಿಶ್ರಾಂತಸ್ಥಿತಿಯ ಸಿಡಿ4 ಸ್ಮೃತಿಕೋಶಗಳ ವರ್ಣತಂತುಗಳಲ್ಲಿ ವೈರಾಣುವಿನ ಡಿಎನ್‌ಎ ಹುದುಗಿ, ಪ್ರತಿಗಳನ್ನು ಹೊರಚೆಲ್ಲದೆ ಉಳಿದಿರುತ್ತದೆ. ಔಷಧಗಳು ತಡೆಯುವುದು ಹೊಸ ಕೋಶಗಳ ಸೋಂಕನ್ನೇ ಹೊರತು ಹೀಗೆ ಹುದುಗಿದುದನ್ನಲ್ಲ. ಈ ಸಂಚಯ ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕೆಂದೂ, ಅದರಂತೆ ನಿರ್ಮೂಲನಕ್ಕೆ 60 ವರ್ಷಗಳಿಗೂ ಅಧಿಕಕಾಲ ಹಿಡಿದೀತೆಂದೂ ರಾಬರ್ಟ್ ಸಿಲಿಸಿಯಾನೋ ಅವರ ತಂಡ 1999ರಲ್ಲಿ ಗಣಿಸಿತು.

ಪ್ಲಾಸ್ಮಾದ ಮಟ್ಟಿಗೂ ಫಲಿತಾಂಶ ಶೂನ್ಯವನ್ನು ಹೇಳುವುದಿಲ್ಲ. ಪರೀಕ್ಷೆಯ ಕೆಳಮಿತಿ 50 ಪ್ರತಿಗಳೆಂದೂ, ದೇಹದಲ್ಲಿ 3 ಲೀಟರ್ ಪ್ಲಾಸ್ಮಾ ಇದೆಯೆಂದೂ ಭಾವಿಸಿದರೆ, ಮಿಲಿಲೀಟರಿಗೆ 40 ಪ್ರತಿಗಳಿರುವವನಲ್ಲಿ ಒಟ್ಟು 1,20,000 ಪ್ರತಿಗಳಿದ್ದರೂ ವೈರಾಣು ಪತ್ತೆಯಾಗಲಿಲ್ಲವೆಂದೇ ವರದಿ ಬರುತ್ತದೆ.

ಅಮೆರಿಕದ ಮಿಸಿಸಿಪಿಯಲ್ಲಿ ಜನಿಸಿದ ಶಿಶುವೊಂದರ ವೃತ್ತಾಂತ ಇಲ್ಲಿ ನಿರ್ಣಾಯಕವಾದುದು. ಹುಟ್ಟಿದ ಸುಮಾರು 30 ಗಂಟೆಗಳಲ್ಲೇ ಚಿಕಿತ್ಸೆ ಆರಂಭವಾಗಿ, ಒಂದೂವರೆ ವರ್ಷದ ಸುಮಾರಿಗೆ ಅದು ನಿಂತುಹೋದರೂ, ಪರೀಕ್ಷೆಗಳಲ್ಲಿ ವೈರಾಣು ಕಾಣಲಿಲ್ಲ. ಗುಣವಾಯಿತೆಂಬ ಆಶೆ ವಿದ್ವಾಂಸರಲ್ಲಿಯೂ ಮೂಡಿತು. ಔಷಧವಿಲ್ಲದೆ 27 ತಿಂಗಳು ಕಳೆದ ಬಳಿಕ, 2014ರಲ್ಲಿ, ಮಿಲಿಲೀಟರಿಗೆ 16,750 ಪ್ರತಿಗಳು ಕಾಣಿಸಿಕೊಂಡವು. ಸಿಡಿ4 ಎಣಿಕೆಯೂ ಇಳಿಯಿತು.

ಹಾಗೆಂದು ಈ ಫಲಿತಾಂಶ ಅಲ್ಪಾರ್ಥದ್ದೆಂದು ಬಗೆಯುವುದೂ ಸಲ್ಲದು. 2016 ಮತ್ತು 2019ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನಗಳಲ್ಲಿ, ಸೋಂಕಿತರ ವೈರಲ್ ಲೋಡ್ 200ಕ್ಕಿಂತ ಕೆಳಗಿದ್ದಾಗ, ಕಾಂಡೋಮ್ ಬಳಸದಿದ್ದರೂ ಸಂಗಾತಿಗೆ ಅವರಿಂದ ಸೋಂಕು ತಗುಲಿದ ಪ್ರಸಂಗ ಒಂದೂ ಇರಲಿಲ್ಲ. ಆದಕಾರಣ ಲೈಂಗಿಕ ಸಂಪರ್ಕದ ಮಟ್ಟಿಗೆ ಈ ಫಲಿತಾಂಶ ಪೂರ್ಣ ಅಭಯವನ್ನು ನೀಡುತ್ತದೆ, ಗುಣವಾಗುವಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ವಾದ. ಆದರೆ ಮಾತ್ರೆಗಳು ಅವಿಚ್ಛಿನ್ನವಾಗಿ ನಡೆಯುತ್ತಿರಬೇಕು, ಪರೀಕ್ಷೆ ಇತ್ತೀಚಿನದಾಗಿರಬೇಕು, ಮತ್ತು ಸ್ತನ್ಯಪಾನಕ್ಕೂ ಸೂಜಿ ಹಂಚಿಕೆಗೂ ಇದನ್ನು ಹಾಗೆಯೇ ವಿಸ್ತರಿಸಲಾಗದು.

ಸಂಚಯವನ್ನೇ ನೇರವಾಗಿ ಅಳೆಯುವ ಬಗೆ ಇನ್ನೂ ತೀರ್ಮಾನವಾಗಿಲ್ಲ: ಹುದುಗಿರುವ ಡಿಎನ್‌ಎಯ ಎಣಿಕೆಯಲ್ಲಿ ವೃದ್ಧಿಶಕ್ತಿಯಿಲ್ಲದ ವಿಕಲ ಪ್ರತಿಗಳೇ ಅಧಿಕವಾಗಿ ಸೇರುತ್ತವೆ, ಕೋಶಗಳನ್ನು ಪ್ರಚೋದಿಸಿ ವೈರಾಣುವನ್ನು ಬೆಳೆಸಿ ನೋಡುವ ವಿಧಾನದಲ್ಲಿಯಾದರೋ, ಮೊದಲ ಪ್ರಚೋದನೆಗೆ ಎಚ್ಚರಗೊಳ್ಳದ ಸಮರ್ಥ ಪ್ರತಿಗಳು ಎಣಿಕೆಗೆ ಸಿಕ್ಕದೆ ಉಳಿಯುತ್ತವೆ.