ಕೊಡಬಹುದಾಗಿದ್ದ ಪರಿಹಾರ: ಪರೇಟೊ ದಕ್ಷತೆಯ ಇತಿಹಾಸದ ಒಂದು ತಿರುವು

ಒಬ್ಬರಿಗೂ ನಷ್ಟವಾಗದಂತೆ ಇನ್ನೊಬ್ಬರ ಸ್ಥಿತಿಯನ್ನು ಸುಧಾರಿಸಲು ಸಾಧ್ಯವಿಲ್ಲದ ಹಂಚಿಕೆಯನ್ನು ಅರ್ಥಶಾಸ್ತ್ರಜ್ಞರು ಪರೇಟೊ ದಕ್ಷ ಸ್ಥಿತಿ ಎನ್ನುತ್ತಾರೆ. ಊರಿನ ಧಾನ್ಯವೆಲ್ಲ ಒಬ್ಬನ ಕಣಜದಲ್ಲಿದ್ದು, ಆತನಿಗೆ ಇನ್ನೂ ಬೇಕೆಂಬ ಆಸೆಯಿದ್ದರೆ, ಉಳಿದವರೆಲ್ಲ ಹಸಿದಿದ್ದರೂ ಆ ಸ್ಥಿತಿ ದಕ್ಷವೇ. ಏಕೆಂದರೆ ಒಂದು ಸೇರು ತೆಗೆದು ಬೇರೆಯವರಿಗೆ ಕೊಟ್ಟರೂ ಆತನಿಗೆ ನಷ್ಟವಾಗುತ್ತದೆ. ದಕ್ಷತೆಗೂ ನ್ಯಾಯಕ್ಕೂ ಇರುವ ಈ ಅಂತರವನ್ನು ಯಾರೋ ತಡವಾಗಿ ಪತ್ತೆಹಚ್ಚಿದ್ದಲ್ಲ. ವಿಲ್ಫ್ರೆಡೊ ಪರೇಟೊಗೇ ಅದು ಗೊತ್ತಿತ್ತು. ಆತ ಗುರುತಿಸಿದ್ದ ಆ ಎಲ್ಲೆಯನ್ನು ಮುಂದಿನ ತಲೆಮಾರು ಹೇಗೆ ದಾಟಿತು ಎಂಬುದೇ ಈ ಲೇಖನದ ವಿಷಯ.

1848ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಪರೇಟೊ ಓದಿದ್ದು ಟ್ಯೂರಿನ್‌ನಲ್ಲಿ, ಎಂಜಿನಿಯರಿಂಗ್. ರೈಲ್ವೆ ಕಂಪನಿಯಲ್ಲಿ, ಆಮೇಲೆ ಕಬ್ಬಿಣದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, 1893ರಲ್ಲಿ ಲೋಸಾನ್ ವಿಶ್ವವಿದ್ಯಾಲಯದಲ್ಲಿ ಲಿಯೊನ್ ವಾಲ್ರಾಸ್‌ನ ಪೀಠಕ್ಕೆ ಬಂದ. ಒಬ್ಬನಿಗೆ ಸಿಕ್ಕ ತೃಪ್ತಿಯನ್ನು ಇನ್ನೊಬ್ಬನ ತೃಪ್ತಿಯೊಂದಿಗೆ ಕೂಡಿಸುವ ಅಳತೆಗೋಲು ಯಾವುದೂ ಇಲ್ಲ ಎಂಬುದು ಆತನ ದೃಢ ನಿಲುವು. ಹಾಗಾಗಿ 1906ರ ‘ಮ್ಯಾನುವಲ್’ ಗ್ರಂಥದಲ್ಲಿ, ಕೂಡಿಸುವ ಅಗತ್ಯವೇ ಇಲ್ಲದ ಮಾನದಂಡವನ್ನು ಮುಂದಿಟ್ಟ. ಎಲ್ಲರಿಗೂ ಒಳಿತಾಗುವ ಬದಲಾವಣೆಗೆ ಅವಕಾಶವಿರುವವರೆಗೆ ಅರ್ಥಶಾಸ್ತ್ರ ಮಾತಾಡಬಹುದು. ಒಬ್ಬರಿಗೆ ಲಾಭ, ಮತ್ತೊಬ್ಬರಿಗೆ ನಷ್ಟ ಎನ್ನುವ ಹಂತ ಬಂದಾಗ ಅದು ನಿಲ್ಲಬೇಕು. ಮುಂದೆ ಹೋಗಬೇಕೇ, ಹೋಗುವುದಾದರೆ ನಷ್ಟ ಯಾರ ಪಾಲಿಗೆ ಬರಬೇಕು ಎಂಬುದು ನೀತಿಯ, ಸಮಾಜದ ಹಿತದ ಪ್ರಶ್ನೆ, ಅರ್ಥಶಾಸ್ತ್ರದ ಹೊರಗಿನದು ಎಂದು 1916ರ ಸಮಾಜಶಾಸ್ತ್ರ ಗ್ರಂಥದಲ್ಲಿ ಆತ ಸ್ಪಷ್ಟವಾಗಿ ಬರೆದ. ನನ್ನ ಮಟ್ಟಿಗೆ ಇದು ಆತನ ಬರಹದಲ್ಲೇ ಅತ್ಯಂತ ಪ್ರಾಮಾಣಿಕವಾದ ಭಾಗ.

ಇಂಗ್ಲೆಂಡಿನಲ್ಲಿ ಆಗ ಎ.ಸಿ. ಪಿಗೂ ಹೇಳುತ್ತಿದ್ದದ್ದು ಬೇರೆ. ಸಿರಿವಂತನ ಒಂದು ಪೌಂಡು ಬಡವನ ಕೈಸೇರಿದರೆ, ಉತ್ಪಾದನೆ ಕುಗ್ಗದಿದ್ದ ಪಕ್ಷದಲ್ಲಿ, ಒಟ್ಟು ಹಿತ ಹೆಚ್ಚುತ್ತದೆ ಎಂಬುದು ಅವರ ವಾದ. 1932ರಲ್ಲಿ ಲಂಡನ್ನಿನ ಲಯನೆಲ್ ರಾಬಿನ್ಸ್ ಇದನ್ನು ಪ್ರಶ್ನಿಸಿದರು. ಇಬ್ಬರ ತೃಪ್ತಿಯನ್ನು ಹೋಲಿಸುವುದು ಮೌಲ್ಯನಿರ್ಣಯವೇ ಹೊರತು ವಿಜ್ಞಾನವಲ್ಲ ಎಂದರು. ಈ ಮಾತನ್ನು ಒಪ್ಪಿದರೆ ಎದುರಾಗುವ ತೊಡಕನ್ನು 1938ರಲ್ಲಿ ರಾಯ್ ಹ್ಯಾರಡ್ ತೋರಿಸಿಕೊಟ್ಟರು. ಅವರು ಆರಿಸಿಕೊಂಡ ಉದಾಹರಣೆ 1846ರಲ್ಲಿ ಬ್ರಿಟನ್ ರದ್ದುಮಾಡಿದ ಧಾನ್ಯ ಕಾಯ್ದೆ.

1815ರಲ್ಲಿ ಬಂದ ಆ ಕಾಯ್ದೆಯ ಮೊದಲ ರೂಪದ ಪ್ರಕಾರ, ದೇಶದೊಳಗೆ ಗೋಧಿಯ ಬೆಲೆ ಕ್ವಾರ್ಟರಿಗೆ 80 ಶಿಲಿಂಗ್ ಮುಟ್ಟುವವರೆಗೆ ವಿದೇಶಿ ಗೋಧಿಯನ್ನು ಮಾರುವಂತಿರಲಿಲ್ಲ. ಧಾನ್ಯದ ಬೆಲೆ ಏರಿದಷ್ಟೂ ಭೂಮಾಲೀಕರ ಗೇಣಿ ಏರುತ್ತಿತ್ತು, ಗಿರಣಿ ಕಾರ್ಮಿಕರ ರೊಟ್ಟಿ ತುಟ್ಟಿಯಾಗುತ್ತಿತ್ತು. ಪ್ರಧಾನಿ ರಾಬರ್ಟ್ ಪೀಲ್ ಅದನ್ನು ರದ್ದುಪಡಿಸಿದಾಗ ದೇಶಕ್ಕೆ ಲಾಭವಾಯಿತೆಂದು ಅರ್ಥಶಾಸ್ತ್ರಜ್ಞರು ಒಕ್ಕೊರಲಿನಿಂದ ಹೇಳುತ್ತಿದ್ದರು. ಆದರೆ ಭೂಮಾಲೀಕರಿಗೆ ನಷ್ಟವಿತ್ತಲ್ಲ? ಹೋಲಿಕೆ ನಿಷಿದ್ಧ ಎಂದಾದರೆ, ತಮ್ಮ ಶಾಸ್ತ್ರದ ಅತ್ಯಂತ ಹೆಮ್ಮೆಯ ಸಲಹೆಯನ್ನೂ ಅರ್ಥಶಾಸ್ತ್ರಜ್ಞರು ಕೊಡುವಂತಿಲ್ಲ ಎಂದರು ಹ್ಯಾರಡ್.

ನಿಕೊಲಸ್ ಕಾಲ್ಡೊರ್ 1939ರಲ್ಲಿ ‘ಎಕನಾಮಿಕ್ ಜರ್ನಲ್’ನಲ್ಲಿ ಕೆಲವೇ ಪುಟಗಳ ಉತ್ತರ ಬರೆದರು. ಲಾಭ ಪಡೆದವರು ನಷ್ಟಹೊಂದಿದವರಿಗೆ ಪೂರ್ತಿ ಪರಿಹಾರ ಕೊಟ್ಟ ಮೇಲೂ ಅವರ ಕೈಯಲ್ಲಿ ಏನಾದರೂ ಉಳಿಯುವಂತಿದ್ದರೆ ಸಾಕು, ಆ ಬದಲಾವಣೆಯನ್ನು ಅರ್ಥಶಾಸ್ತ್ರ ಬೆಂಬಲಿಸಬಹುದು. ಪರಿಹಾರವನ್ನು ನಿಜಕ್ಕೂ ಕೊಡಬೇಕೇ ಬೇಡವೇ ಎಂಬುದು ರಾಜಕೀಯದ ಪ್ರಶ್ನೆ. ಅದೇ ವರ್ಷ ಜಾನ್ ಹಿಕ್ಸ್ ಇದಕ್ಕೆ ಬೆಂಬಲ ಕೊಟ್ಟರು. ಮುಂದೆ ಈ ಪರೀಕ್ಷೆಗೆ ಇಬ್ಬರ ಹೆಸರೂ ಅಂಟಿಕೊಂಡಿತು.

ಕೊಡಬಹುದು, ಆದರೆ ಕೊಡಬೇಕಿಲ್ಲ. ಪರೇಟೊ ಹಾಕಿದ್ದ ಬೇಲಿ ದಾಟಿದ್ದು ಇಲ್ಲಿ. ಕಾರ್ಮಿಕರಿಗೆ 130 ಲಾಭ, ಭೂಮಾಲೀಕರಿಗೆ 100 ನಷ್ಟ ಎಂದಿಟ್ಟುಕೊಳ್ಳೋಣ. ಕಾರ್ಮಿಕರು 100 ಕೊಟ್ಟರೆ ಯಾರಿಗೂ ನಷ್ಟವಿಲ್ಲ, 30 ಉಳಿಯುತ್ತದೆ. ಅದು ಪರೇಟೊ ಹೇಳಿದ ಸುಧಾರಣೆಯೇ ಸರಿ. ಕೊಡದಿದ್ದರೆ 100 ಕಳೆದುಕೊಂಡವರು ಕಳೆದುಕೊಂಡಂತೆಯೇ ಇರುತ್ತಾರೆ. ಈಗ ಅದೇ ಅಂಕಿಗಳನ್ನು ತಿರುವಿ ಹಾಕಿ: ಗಿರಣಿ ಮಾಲೀಕನಿಗೆ 130 ಲಾಭ, ಸಾವಿರ ಕೂಲಿಗಳಿಗೆ ಒಟ್ಟು 100 ನಷ್ಟ. ಪರೀಕ್ಷೆ ಇದನ್ನೂ ಅಷ್ಟೇ ಸಲೀಸಾಗಿ ಪಾಸು ಮಾಡುತ್ತದೆ. 100 ಯಾರದು ಎಂದು ಕೇಳುವ ಶಕ್ತಿಯೇ ಅದಕ್ಕಿಲ್ಲ. ಪೀಲ್ ತಾನೇ ಆ ಪ್ರಶ್ನೆಯನ್ನು ಮರೆತಿರಲಿಲ್ಲ ಎಂಬುದು ಗಮನಾರ್ಹ. 1846ರ ಜನವರಿಯಲ್ಲಿ ಮಂಡಿಸಿದ ಯೋಜನೆಯಲ್ಲೇ ಜಮೀನಿನ ನೀರು ಬಸಿಯುವ ಕಾಮಗಾರಿಗೆ ಭೂಮಾಲೀಕರಿಗೆ ಸರ್ಕಾರಿ ಸಾಲದ ಪ್ರಸ್ತಾವವಿತ್ತು.

ನ್ಯಾಯದ ಮಾತನ್ನು ಬದಿಗಿಟ್ಟರೂ ಪರೀಕ್ಷೆ ತರ್ಕದಲ್ಲೇ ಎಡವುತ್ತದೆ ಎಂದು 1941ರಲ್ಲಿ ಟಿಬೊರ್ ಸಿಟೊವ್‌ಸ್ಕಿ ತೋರಿಸಿದರು. ಅವರ ವಾದವನ್ನು ನಮ್ಮ ಊಟದ ಲೆಕ್ಕದಲ್ಲೇ ನೋಡಬಹುದು. ನಿಂಗಪ್ಪ, ಗೌರಮ್ಮ ಎಂಬ ಇಬ್ಬರು. ಬರೀ ಅಕ್ಕಿ ಅಥವಾ ಬರೀ ಬೇಳೆ ಎರಡು ಮೂಟೆ ಇರುವುದಕ್ಕಿಂತ ಒಂದೊಂದು ಮೂಟೆ ಎರಡೂ ಇರುವುದು ಇಬ್ಬರಿಗೂ ಮೇಲು. ಮೊದಲ ಸ್ಥಿತಿಯಲ್ಲಿ ನಿಂಗಪ್ಪನಿಗೆ 2 ಮೂಟೆ ಅಕ್ಕಿ, ಗೌರಮ್ಮನಿಗೆ 1 ಮೂಟೆ ಬೇಳೆ. ಎರಡನೆಯದರಲ್ಲಿ ನಿಂಗಪ್ಪನಿಗೆ 1 ಮೂಟೆ ಅಕ್ಕಿ, ಗೌರಮ್ಮನಿಗೆ 2 ಮೂಟೆ ಬೇಳೆ.

ಮೊದಲನೆಯದರಿಂದ ಎರಡನೆಯದಕ್ಕೆ ಹೋದರೆ ಲಾಭ ಗೌರಮ್ಮನಿಗೆ. ಆಕೆ 1 ಮೂಟೆ ಬೇಳೆ ಕೊಟ್ಟರೆ ನಿಂಗಪ್ಪನ ಬಳಿ ಅಕ್ಕಿ, ಬೇಳೆ ಎರಡೂ ಇರುತ್ತವೆ, ಆತ ಮೊದಲಿಗಿಂತ ಸುಖಿ. ಆಕೆಯ ಬಳಿ ಮೊದಲಿದ್ದ 1 ಮೂಟೆ ಬೇಳೆ ಹಾಗೇ ಇದೆ. ಪರೀಕ್ಷೆ ಪಾಸು. ಈಗ ಹಿಂದಕ್ಕೆ ಬನ್ನಿ. ಲಾಭ ನಿಂಗಪ್ಪನಿಗೆ. ಆತ 1 ಮೂಟೆ ಅಕ್ಕಿ ಕೊಟ್ಟರೆ ಗೌರಮ್ಮನ ಬಳಿ ಎರಡೂ ಇರುತ್ತವೆ, ಆತನಿಗೆ ಎರಡನೆಯ ಸ್ಥಿತಿಯಲ್ಲಿದ್ದಷ್ಟೇ ಉಳಿಯುತ್ತದೆ. ಮತ್ತೆ ಪಾಸು. ಹೋಗುವುದೂ ಒಳ್ಳೆಯದು, ಬರುವುದೂ ಒಳ್ಳೆಯದು! ಹಂಚಿಕೆ ಬದಲಾದಾಗ ವಸ್ತುವಿನ ಬೆಲೆ ಕಟ್ಟುವ ಬಗೆಯೂ ಬದಲಾಗುತ್ತದೆ. ಹಾಗಾಗಿ ಹಂಚಿಕೆಯನ್ನು ಹೊರಗಿಟ್ಟು ದಕ್ಷತೆಯನ್ನಷ್ಟೇ ಅಳೆಯಲು ಹೊರಟದ್ದೇ ಇಲ್ಲಿ ಮುಗ್ಗರಿಸಿತು. ಪರಿಹಾರವನ್ನು ನಿಜಕ್ಕೂ ಕೊಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ. 1950ರಲ್ಲಿ ಐ.ಎಂ.ಡಿ. ಲಿಟಲ್ ಈ ಪರೀಕ್ಷೆಯ ಜೊತೆಗೆ, ಬದಲಾದ ಹಂಚಿಕೆ ಒಳ್ಳೆಯದೇ ಎಂದೂ ಕೇಳಬೇಕೆಂದರು. 1970ರಲ್ಲಿ ಅಮರ್ತ್ಯ ಸೇನ್, ಪರೇಟೊ ದಕ್ಷವಾದ ಸಮಾಜ ಅಸಹ್ಯ ಹುಟ್ಟಿಸುವಂಥದ್ದೂ ಆಗಿರಬಹುದು ಎಂದು ನೇರವಾಗಿ ಬರೆದರು.

ಇಷ್ಟಾದರೂ ಯೋಜನೆಗಳ ಲಾಭ-ವೆಚ್ಚದ ಲೆಕ್ಕಾಚಾರದಲ್ಲಿ ಕಾಲ್ಡೊರ್ ಮಾತೇ ನಿಂತಿತು. ಸಿದ್ಧಾಂತಕ್ಕೂ ಮೊದಲೇ, 1936ರಲ್ಲಿ, ಅಮೆರಿಕದ ಪ್ರವಾಹ ನಿಯಂತ್ರಣ ಕಾಯ್ದೆ ಇಂಥದ್ದೇ ಅಳತೆ ಹಿಡಿದಿತ್ತು: ಲಾಭ ಯಾರಿಗೇ ಸೇರಲಿ, ಒಟ್ಟು ಲಾಭ ವೆಚ್ಚಕ್ಕಿಂತ ಹೆಚ್ಚಿರಬೇಕು. ಅಣೆಕಟ್ಟುಗಳನ್ನು ಸಮರ್ಥಿಸುವ ವಾದದ ಆಕಾರವೇ ಇದು. ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಶರಾವತಿಯ ವಿದ್ಯುತ್ತು ದೂರದ ನಗರ, ಕಾರ್ಖಾನೆಗಳಿಗೆ ಹರಿಯಿತು. ತೋಟ, ಗದ್ದೆ ಕಳೆದುಕೊಂಡ ಮುಳುಗಡೆ ಸಂತ್ರಸ್ತರನ್ನು ಶಿವಮೊಗ್ಗ ಜಿಲ್ಲೆಯ ಅರಣ್ಯಭೂಮಿಗೆ ಸಾಗಿಸಲಾಯಿತು. ಒಟ್ಟು ಲೆಕ್ಕದಲ್ಲಿ ವಿದ್ಯುತ್ತಿನ ಲಾಭ ದೊಡ್ಡದೇ ಇರಬೇಕು. ಅದರಿಂದ ಪರಿಹಾರ ಕೊಡಬಹುದಿತ್ತು ಎಂಬುದರಲ್ಲೂ ನನಗೆ ಸಂಶಯವಿಲ್ಲ. ಆದರೆ ಕೊಟ್ಟ ಜಮೀನು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ, ಅರ್ಧ ಶತಮಾನ ಕಳೆದ ಮೇಲೂ ಅನೇಕ ಕುಟುಂಬಗಳು ಹಕ್ಕುಪತ್ರಕ್ಕಾಗಿ ಸರ್ಕಾರ, ನ್ಯಾಯಾಲಯಗಳ ನಡುವೆ ಓಡಾಡಿವೆ. ಕಾಲ್ಡೊರ್ ಪರೀಕ್ಷೆ ಇವರ ಮುಂದೆ ಬಂದರೆ, ಯೋಜನೆ ಪಾಸಾಗಿದೆ ಎಂದಷ್ಟೇ ಹೇಳೀತು. ಪರೇಟೊನ ಮೂಲ ಮಾನದಂಡವಾದರೋ, ಆ ಹಕ್ಕುಪತ್ರಗಳು ಕೈಸೇರಿ ನಷ್ಟ ತುಂಬುವವರೆಗೆ ಇದನ್ನು ಸುಧಾರಣೆ ಎಂದು ಕರೆಯಲು ಒಪ್ಪುವುದಿಲ್ಲ.