ಬಾಗಿಲ ಮೇಲಿನ ಬರಹ: ಕಂಬಂ ಕಣಿವೆಯ ವಸತಿಗೃಹ ಮತ್ತು ಸ್ವಾಗತದ ನುಡಿ

ತೇನಿ, ಕಂಬಂ, ದಿಂಡಿಗಲ್ ಪ್ರದೇಶದ ಕನ್ನಡದ ಕುರಿತು ಬರೆಯುವವರು ಸಾಮಾನ್ಯವಾಗಿ ಮನೆಯೊಳಗಿನ ಮಾತನ್ನು, ಮದುವೆಯ ಹಾಡನ್ನು, ಕುಲದೈವದ ಆರಾಧನೆಯನ್ನು ಗಮನಿಸುತ್ತಾರೆ. ಮನೆಯ ಹೊರಗೆ, ರಸ್ತೆಗೆ ಮುಖ ಮಾಡಿ ನಿಂತ ಬರಹವನ್ನು ಗಮನಿಸಿದವರು ಕಡಿಮೆ. ಈ ಲೇಖನದ ವಿಷಯ ಅಂಥದೊಂದು ಸಣ್ಣ ಬರಹ. ಮನೆಮಂದಿಯೇ ನಡೆಸುವ ವಸತಿಗೃಹವೊಂದರ ಬಾಗಿಲಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಸಾಲು ಯಾವ ನುಡಿಯಲ್ಲಿ, ಯಾವ ಲಿಪಿಯಲ್ಲಿ ಇರಬಹುದು? ಆ ಸಾಲು ಅಲ್ಲಿಗೆ ಹೇಗೆ ಬಂದಿತು?

ಮೊದಲಿಗೆ ಹೇಳಬೇಕಾದುದು, ಹಳೆಯ ತಂಗುದಾಣಗಳ ಬಾಗಿಲುಗಳು ಯಾರನ್ನೂ ಸ್ವಾಗತಿಸುತ್ತಿರಲಿಲ್ಲ ಎಂಬುದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದುರೆಯನ್ನು ಆಳಿದ ರಾಣಿ ಮಂಗಮ್ಮಾಳ್ ದಾರಿಗಳುದ್ದಕ್ಕೂ ಛತ್ರಗಳನ್ನು ಕಟ್ಟಿಸಿದಳೆಂಬುದು ಪ್ರಸಿದ್ಧ. ಮದುರೆಯ ರೈಲುನಿಲ್ದಾಣದ ಎದುರಿನ ಛತ್ರ ಇಂದಿಗೂ ಅವಳ ಹೆಸರಿನಲ್ಲಿದೆ. ಛತ್ರದ ಬರಹ ದಾನಿಯ ಹೆಸರನ್ನು ಉಳಿಸುವುದಕ್ಕಾಗಿ ಇದ್ದದ್ದು. ಬಂದವನಿಗೆ ಅನ್ನ ಸಿಗುತ್ತದೆಂಬುದನ್ನು ಊರೇ ಹೇಳುತ್ತಿದ್ದುದರಿಂದ ಗೋಡೆ ಹೇಳಬೇಕಾಗಿರಲಿಲ್ಲ. ಹಣ ಪಡೆದು ತಂಗಲು ಕೊಡುವ ಪದ್ಧತಿ ಬೆಳೆದಾಗ ಬಾಗಿಲಿಗೆ ಬಂದ ಮೊದಲ ಸರಕಾರಿ ಬರಹವೂ ಸ್ವಾಗತದ್ದಲ್ಲ, ದರದ್ದು. 1867ರ ಸರಾಯಿ ಕಾನೂನು ತಂಗುದಾಣ ನಡೆಸುವವನು ದರಪಟ್ಟಿಯನ್ನು ತೂಗುಹಾಕಬೇಕೆಂದು ವಿಧಿಸಿತು. ಆ ಪಟ್ಟಿ ಯಾವ ರೂಪದಲ್ಲಿ, ಯಾವ ಭಾಷೆಗಳಲ್ಲಿ ಇರಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು. ಬಾಗಿಲಿನ ನುಡಿಯನ್ನು ಮಾಲೀಕನಲ್ಲದೆ ಇನ್ನೊಬ್ಬರು ಗೊತ್ತುಮಾಡುವ ರೂಢಿ ಹೀಗೆ ಸಾಕಷ್ಟು ಹಳೆಯದು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ತಮಿಳುನಾಡಿನ ಹೋಟೆಲುಗಳ ಫಲಕ ಬೇರೆಯೇ ಕೆಲಸ ಮಾಡುತ್ತಿತ್ತು. ಅದು ಯಾರು ಒಳಗೆ ಬರಬಹುದು, ಅಡುಗೆ ಯಾರ ಕೈಯದು ಎಂಬುದನ್ನು ಸೂಚಿಸುತ್ತಿತ್ತು. ‘ಬ್ರಾಹ್ಮಣಾಳ್’ ಎಂಬ ಪದವನ್ನು ಹೊತ್ತ ಫಲಕಗಳು ಊರೂರಿನಲ್ಲಿದ್ದವು. 1957ರಲ್ಲಿ ಪೆರಿಯಾರರು ಮದರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಈ ಒಂದು ಪದದ ವಿರುದ್ಧ ಚಳವಳಿ ಹೂಡಿದರು. ಸ್ವಯಂಸೇವಕರು ದಿನವೂ ಬಂದು ಬಂಧನಕ್ಕೊಳಗಾದರು. ಕೊನೆಗೆ ಪದವು ಫಲಕದಿಂದ ಇಳಿಯಿತು. ಬಾಗಿಲ ಮೇಲಿನ ಒಂದು ಪದಕ್ಕಾಗಿ ತಿಂಗಳುಗಟ್ಟಲೆ ಜನ ಸೆರೆಗೆ ಹೋದ ನಾಡಿನಲ್ಲಿ ಫಲಕದ ನುಡಿಯನ್ನು ಅಲಂಕಾರವೆಂದು ತಳ್ಳಿಹಾಕಲಾಗದು. ಹೊರಗಿಡುವ ಪದ ಹೋದ ಜಾಗಕ್ಕೆ ಎಲ್ಲರನ್ನೂ ಕರೆಯುವ ಪದ ಬಂದುದು ಸಹಜವೇ ಎಂದು ನನಗೆ ತೋರುತ್ತದೆ.

ಕರೆಯುವ ಆ ಪದ ತಮಿಳಿನಲ್ಲಿ ‘ನಲ್‌ವರವು’. 1916ರ ಸುಮಾರಿಗೆ ಮರೈಮಲೈ ಅಡಿಗಳು ಆರಂಭಿಸಿದ ತನಿತ್ತಮಿಳ್ ಚಳವಳಿಯ ಪ್ರಭಾವದಲ್ಲಿ ‘ನಮಸ್ಕಾರಂ’ ಎಂಬಲ್ಲಿ ‘ವಣಕ್ಕಂ’, ಸಂಸ್ಕೃತದ ‘ಸ್ವಾಗತಂ’ ಎಂಬಲ್ಲಿ ‘ನಲ್‌ವರವು’ ಸಾರ್ವಜನಿಕ ಬಳಕೆಗೆ ಬಂದವು. ಕನ್ನಡದ ಫಲಕಗಳು ‘ಸುಸ್ವಾಗತ’ದಲ್ಲೇ ನಿಂತಿವೆ. ‘ಸ್ವಾಗತ’ದಲ್ಲಿ ಒಂದು ‘ಸು’ ಆಗಲೇ ಇದೆ, ಇನ್ನೊಂದನ್ನು ಸೇರಿಸುವ ಅಗತ್ಯವಿಲ್ಲವೆಂದು ವ್ಯಾಕರಣ ಬಲ್ಲವರು ಹೇಳುತ್ತ ಬಂದಿದ್ದಾರೆ. ಫಲಕ ಬರೆಯುವವರು ಕೇಳಿಲ್ಲ. ತಮಿಳಿನದೇ ಮಾದರಿಯಲ್ಲಿ ‘ನಲ್ಬರವು’ ಎಂದು ಕಟ್ಟಿಕೊಳ್ಳಬಹುದಿತ್ತು. ಆದರೆ ನಮ್ಮ ಕಿವಿಗೆ ‘ಬರ’ ಎಂದೊಡನೆ ಮೊದಲು ಕೇಳಿಸುವುದು ಕ್ಷಾಮ. ಅತಿಥಿಯನ್ನು ಬರಗಾಲದಿಂದ ಎದುರುಗೊಳ್ಳಲು ಯಾವ ಮಾಲೀಕನೂ ಒಪ್ಪಲಾರ.

ಈಗ ಕಣಿವೆಗೆ ಬರೋಣ. ಇಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರಲ್ಲಿ ಕಪ್ಪಿಲಿಯರು, ಅನುಪ್ಪರು ಮತ್ತು ದೇವಾಂಗರು ಮುಖ್ಯರು. ಮೊದಲ ಎರಡು ಸಮುದಾಯಗಳನ್ನು ಥರ್ಸ್ಟನ್ 1909ರ ತಮ್ಮ ಗ್ರಂಥಮಾಲೆಯಲ್ಲಿ ಮದುರೆ ಸೀಮೆಗೆ ಬಂದು ನೆಲೆಸಿದ ಕನ್ನಡ ಬೇಸಾಯಗಾರರೆಂದು ಗುರುತಿಸಿದ್ದಾರೆ. ಕಂಬಂನ ಕಪ್ಪಿಲಿಯರು ಸಾಕುವ ದೈವದ ಗೋವುಗಳ ಹಿಂಡಿನ ವಿವರವೂ ಅಲ್ಲಿದೆ. ಆ ಹಿಂಡಿಗೆ ಎರಡು ಹೆಸರು: ಕನ್ನಡದಲ್ಲಿ ‘ದೇವರು ಆವು’, ತಮಿಳಿನಲ್ಲಿ ‘ತಂಬಿರಾನ್ ಮಾಡು’. ಊರಿಗೆ ತಿಳಿದ ಹೆಸರು ಎರಡನೆಯದು. ಹೊರಗೆ ತಮಿಳು, ಒಳಗೆ ಕನ್ನಡ ಎಂಬ ಈ ಹಂಚಿಕೆ ಬಹುಕಾಲದಿಂದ ಯಾವ ಜಗಳವೂ ಇಲ್ಲದೆ ನಡೆದುಬಂದಿದೆ.

ಈ ಹಂಚಿಕೆಯ ಇನ್ನೊಂದು ಮುಖ ಲಿಪಿಯದು. ಇಲ್ಲಿನ ಕನ್ನಡಿಗರ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಲಿಪಿಯನ್ನು. ಆದ್ದರಿಂದ ಕನ್ನಡ ಲಿಪಿಯಲ್ಲಿ ಬರೆದ ಸ್ವಾಗತವನ್ನು ಓದಬಲ್ಲವರು ಕಣಿವೆಯ ಕನ್ನಡಿಗರಲ್ಲ. ಬೆಂಗಳೂರು, ಸೇಲಂ, ದಿಂಡಿಗಲ್, ತೇನಿ, ಕುಮಳಿಯ ದಾರಿಯಾಗಿ ಕಾರ್ತಿಕದಿಂದ ಮಕರ ಸಂಕ್ರಾಂತಿಯವರೆಗೆ ಶಬರಿಮಲೆಗೆ ಸಾಗುವ ಕರ್ನಾಟಕದ ಯಾತ್ರಿಕರು. ಮನೆಯಲ್ಲಿ ಕನ್ನಡವಾಡುವ ಮಾಲೀಕನು ತನ್ನ ಬಾಗಿಲಿಗೆ ಕನ್ನಡ ಬರೆಸಿದರೆ ಅದು ತನಗೇ ಓದಲು ಬಾರದ ಕನ್ನಡವಾಗುತ್ತದೆ.

ಹಾಗಾದರೆ ತಮಿಳು ಲಿಪಿಯಲ್ಲೇ ಕನ್ನಡವನ್ನು ಬರೆದರಾಗದೇ ಎಂಬ ಪ್ರಶ್ನೆ ಏಳುತ್ತದೆ. ಸ್ವಾಗತದ ವಿಷಯದಲ್ಲಿ ಇದು ಎಡವುವ ಬಗೆ ವಿಚಿತ್ರವಾದುದು. ತಮಿಳು ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರ. ಪದದ ಮೊದಲಲ್ಲಿ ಅದನ್ನು ಪಕಾರವೆಂದೇ ಓದುವುದು ರೂಢಿ. ‘ಬನ್ನಿ’ ಎಂದು ಬರೆದದ್ದನ್ನು ದಾರಿಹೋಕನು ‘ಪನ್ನಿ’ ಎಂದು ಓದುತ್ತಾನೆ. ಆಡುಮಾತಿನ ತಮಿಳಿನಲ್ಲಿ ಅದರ ಅರ್ಥ ಹಂದಿ. ಉತ್ತರ ಕರ್ನಾಟಕದ ‘ಬನ್ರಿ’ಯನ್ನು ಆರಿಸಿಕೊಂಡರೆ ಇನ್ನೂ ಕಷ್ಟ, ಏಕೆಂದರೆ ‘ಪನ್ಱಿ’ ಗ್ರಂಥಸ್ಥ ತಮಿಳಿನ ಹಂದಿ. ಈ ತೊಡಕಿನ ಬೇರು ಎರಡು ನುಡಿಗಳ ನಂಟಿನಲ್ಲೇ ಇದೆ. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರ ಎದುರಾಗುತ್ತದೆ: ‘ವಾ’ ಎಂಬುದು ‘ಬಾ’, ‘ವಿಡು’ ಎಂಬುದು ‘ಬಿಡು’. ಹೀಗಾಗಿ ಕನ್ನಡದ ಆತ್ಮೀಯ ಕರೆಗಳೆಲ್ಲ ತಮಿಳು ಲಿಪಿ ಸ್ಪಷ್ಟವಾಗಿ ತೋರಿಸಲಾರದ ಆ ಒಂದು ಧ್ವನಿಯಿಂದಲೇ ಶುರುವಾಗುತ್ತವೆ.

ಕರೆಯನ್ನು ಬಿಟ್ಟು ಹೆಸರಿನತ್ತ ತಿರುಗಿದರೆ ದಾರಿ ಸ್ವಲ್ಪ ತೆರೆಯುತ್ತದೆ. ‘ನಮ್ಮ ಮನೆ’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ‘ನಮ್ಮ’ ಎಂಬುದು ಆಡುಮಾತಿನ ತಮಿಳಿಗೂ ಸಲ್ಲುತ್ತದೆ. ‘ಮನೆ’ಗೆ ತಮಿಳಿನಲ್ಲಿ ‘ಮನೈ’ ಇದೆ. ಆದರೆ ಇಂದಿನ ಹೆದ್ದಾರಿಯ ಬದಿಯಲ್ಲಿ ‘ಮನೈ’ ಎಂಬ ಫಲಕ ಕಂಡವನು ಅಲ್ಲಿ ನಿವೇಶನಗಳು ಮಾರಾಟಕ್ಕಿವೆ ಎಂದುಕೊಳ್ಳುತ್ತಾನೆ. ಆದ್ದರಿಂದ ‘ಮನೆ’ ಎಂದು ಹ್ರಸ್ವ ಎಕಾರಾಂತವಾಗಿಯೇ ಬರೆಯಬೇಕು. ತಮಿಳು ಪದಗಳು ಹ್ರಸ್ವ ಎಕಾರದಲ್ಲಿ ಕೊನೆಗೊಳ್ಳುವುದಿಲ್ಲವಾದ್ದರಿಂದ ಆ ಒಂದು ಸ್ವರವೇ ಇದು ಬೇರೆ ನುಡಿಯ ಪದವೆಂದು ಓದುಗನಿಗೆ ಸುಳಿವು ಕೊಡುತ್ತದೆ. ಕಣಿವೆಯ ಕನ್ನಡಿಗನಿಗೆ ಅದು ತನ್ನ ಮನೆಮಾತು.

ಇನ್ನು ಕಾನೂನು. ತಮಿಳುನಾಡಿನ ಅಂಗಡಿ ಮತ್ತು ಸಂಸ್ಥೆಗಳ 1948ರ ನಿಯಮಗಳ 15ನೆಯ ನಿಯಮದಂತೆ ಹೆಸರು ಫಲಕ ತಮಿಳಿನಲ್ಲಿರಬೇಕು. ಬೇರೆ ಭಾಷೆಗಳು ಅದರ ಕೆಳಗೆ, ಅದಕ್ಕಿಂತ ಕಡಿಮೆ ಜಾಗದಲ್ಲಿ ಬರಬೇಕು. ತಮಿಳು, ಇಂಗ್ಲಿಷ್, ಮೂರನೆಯ ಭಾಷೆ ಇವುಗಳಿಗೆ 5:3:2 ಎಂಬ ಪ್ರಮಾಣವನ್ನು ಸರಕಾರ ಸೂಚಿಸುತ್ತ ಬಂದಿದೆ. ನಿಯಮವು ಹೆಸರಿನ ಕುರಿತದ್ದು, ಸ್ವಾಗತದ ಸಾಲಿನ ಕುರಿತದ್ದಲ್ಲ. ಎರಡೂ ಒಂದೇ ಹಲಗೆಯ ಮೇಲಿದ್ದರೆ ಅದೇ ಪ್ರಮಾಣವನ್ನು ಪಾಲಿಸುವುದು ಕ್ಷೇಮ.

ಐದು ಅಡಿ, ಅಂದರೆ 60 ಅಂಗುಲ ಎತ್ತರದ ಫಲಕವೊಂದನ್ನು ಎಣಿಸಿಕೊಳ್ಳೋಣ. ಮೇಲೆ ಕೆಳಗೆ ಐದೈದು ಅಂಗುಲ ಅಂಚು ಬಿಟ್ಟರೆ 50 ಉಳಿಯುತ್ತದೆ: ತಮಿಳಿಗೆ 25, ಇಂಗ್ಲಿಷಿಗೆ 15, ಕನ್ನಡಕ್ಕೆ 10. ಆ ಹತ್ತರಲ್ಲಿ ಮೇಲೆ ಕೆಳಗೆ ಒಂದೊಂದು ಅಂಗುಲ ತೆರವು ಬೇಕು; ಅಕ್ಷರಕ್ಕೆ ದಕ್ಕುವುದು ಎಂಟು. ‘ಸ್ವಾಗತ’ದ ಒತ್ತಕ್ಷರ ಕೆಳಗಿಳಿದು ಮೂರನೆಯ ಒಂದು ಭಾಗವನ್ನು ನುಂಗುವುದರಿಂದ ಮೂಲಾಕ್ಷರದ ಎತ್ತರ ಐದು ಅಂಗುಲದಷ್ಟಕ್ಕೆ ಕುಗ್ಗುತ್ತದೆ. ‘ಬನ್ನಿ’ಗೂ ಅದೇ ಗತಿ. ಅಂಗುಲಕ್ಕೆ ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದೆಂಬುದು ಫಲಕದವರ ಸ್ಥೂಲ ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ವ್ಯಾನಿಗೆ 50 ಅಡಿ ಕ್ರಮಿಸಲು ಒಂದೂವರೆ ಸೆಕೆಂಡೂ ಬೇಡ. ಚಾಲಕ ಓದಿ ಮುಗಿಸುವಷ್ಟರಲ್ಲಿ ಬಾಗಿಲು ಹಿಂದೆ ಬಿದ್ದಿರುತ್ತದೆ.

ಇಲ್ಲಿ ಹಳೆಯದೊಂದು ಪದ ನೆರವಿಗೆ ಬರುತ್ತದೆ. ತಮಿಳಿನಲ್ಲಿ ತಂಗುವ ಮನೆಗೆ ‘ವಿಡುದಿ’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಯಾದದ್ದು ‘ಬಿಡದಿ’, ಮದುವೆಯ ಬೀಗರಿಗೆ ಗೊತ್ತುಮಾಡುವ ಬಿಡದಿ ಮನೆಯ ಬಿಡದಿ. ಅದೇ ಧಾತು, ಅದೇ ವಕಾರ ಬಕಾರಗಳ ನಂಟು. ‘ಬಿಡದಿ’ಗೆ ಒತ್ತಕ್ಷರವಿಲ್ಲ. ಆದ್ದರಿಂದ ಎಂಟು ಅಂಗುಲವೂ ಅಕ್ಷರಕ್ಕೇ ದಕ್ಕುತ್ತದೆ, 80 ಅಡಿಯಿಂದ ಓದಬಹುದು. ಕರ್ನಾಟಕದ ಯಾತ್ರಿಕನಿಗೆ ಇದು ಊರಿನ ಹೆಸರಾಗಿ ಮೊದಲು ತೋರಬಹುದೆಂಬ ಆಕ್ಷೇಪಕ್ಕೆ ಬಲವಿದೆ. ‘ಊಟ, ಬಿಡದಿ’ ಎಂದು ಜೊತೆಗೂಡಿಸಿದರೆ ಆ ಸಂದೇಹ ಉಳಿಯದು. ನನ್ನ ಮಟ್ಟಿಗೆ ರಸ್ತೆಯ ಫಲಕಕ್ಕೆ ಸ್ವಾಗತಕ್ಕಿಂತ ಈ ಎರಡು ಪದಗಳೇ ಹೆಚ್ಚು ಆತಿಥ್ಯದವು. ‘ಬನ್ನಿ’ ಎಂಬುದನ್ನು ಹೊಸ್ತಿಲ ಬಳಿ, ನಿಂತು ಓದುವ ಕಡೆ, ಚಿಕ್ಕದಾಗಿ ಬರೆಸಬಹುದು.

ಮುದ್ರಣದ ತೊಡಕನ್ನೂ ಹೇಳಬೇಕು. ಫ್ಲೆಕ್ಸ್ ಮುದ್ರಿಸುವ ಅಂಗಡಿಯ ಹಳೆಯ ವಿನ್ಯಾಸ ತಂತ್ರಾಂಶ ಕನ್ನಡದ ಒತ್ತುಗಳನ್ನು ಕೂಡಿಸಲಾರದೆ ‘ಬನ್ನಿ’ಯನ್ನು ‘ಬನ್‌ನಿ’ ಎಂದು ಒಡೆದು ಅಚ್ಚಿಸುತ್ತದೆ. ಕನ್ನಡ ಓದದ ಮುದ್ರಕನಿಗೂ ಮಾಲೀಕನಿಗೂ ಅದು ತಪ್ಪೆಂದು ಕಾಣುವುದಿಲ್ಲ. ಪದವನ್ನು ಬಲ್ಲವರಿಂದ ಸಿದ್ಧಪಡಿಸಿ, ಅಕ್ಷರಗಳನ್ನು ಕರ್ವ್‌ಗೆ ಪರಿವರ್ತಿಸಿದ ಕಡತವನ್ನೇ ಕೊಟ್ಟರೆ ಈ ಒಡಕು ತಪ್ಪುತ್ತದೆ.

ಮದರಾಸಿನಲ್ಲಿ ಉಡುಪಿಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಹಿಡಿದು ವಸತಿಗೃಹ ತೆರೆದಾಗ ಆ ಬಂಗಲೆಗಿದ್ದ ವುಡ್‌ಲ್ಯಾಂಡ್ಸ್ ಎಂಬ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡರು. ಕನ್ನಡ ಲಿಪಿ ಬಲ್ಲ ನಾಡಿನಿಂದ ಬಂದವರಿಗೂ ಫಲಕದ ಕನ್ನಡ ಬೇಕಾಗಿರಲಿಲ್ಲ. ‘ಉಡುಪಿ’ ಎಂಬ ಊರಿನ ಹೆಸರೊಂದೇ ತಮಿಳರಿಗೆ ಸಾಕಷ್ಟು ಹೇಳುತ್ತಿತ್ತು. ಕಂಬಂ ಕಣಿವೆಯ ಕನ್ನಡಿಗನಿಗೆ ಹಾಗೆ ಹೇಳಿಕೊಳ್ಳಲು ಇನ್ನೊಂದು ಊರಿಲ್ಲ. ಅವನ ಊರು ಕಂಬಂ. ಮಕರಜ್ಯೋತಿ ಮುಗಿದು ಯಾತ್ರಿಕರ ಫ್ಲೆಕ್ಸ್ ಇಳಿದ ಮೇಲೆ ವರ್ಷದ ಉಳಿದ ಹತ್ತು ತಿಂಗಳು ಬಾಗಿಲಲ್ಲಿ ನಿಲ್ಲುವುದು ತಮಿಳು ಲಿಪಿಯ ಹೆಸರು. ಅದರ ಕೊನೆಯಲ್ಲಿ ಐಕಾರವಿರಬೇಕೋ ಎಕಾರವಿರಬೇಕೋ ಎಂಬುದನ್ನು ಮಾತ್ರ ಅವನೇ ತೀರ್ಮಾನಿಸಬಹುದು.