ಖಾನಾವಳಿ ಹಾಗೂ ಉಪಾಹಾರ ಗೃಹಗಳಲ್ಲಿ ಪೂರ್ಣಾವಧಿ, ಅರೆಕಾಲಿಕ ಮತ್ತು ದಿನಗೂಲಿ ಕೆಲಸಗಾರರ ನೇಮಕ: ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಖಾನಾವಳಿಗಳಲ್ಲಿ ಊಟದ ಸಂಖ್ಯೆಯು ವಾರದ ಎಲ್ಲ ದಿನಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠ, ವಿಶ್ವವಿದ್ಯಾಲಯ ಹಾಗೂ ಕಚೇರಿಗಳನ್ನು ಅವಲಂಬಿಸಿದ ಖಾನಾವಳಿಗಳಿಗೆ ಕೆಲಸದ ದಿನಗಳಲ್ಲಿ ಗಿರಾಕಿ ಹೆಚ್ಚು, ರಜೆಯ ದಿನಗಳಲ್ಲಿ ಕಡಿಮೆ. ಹುಬ್ಬಳ್ಳಿಯ ರೈಲು ನಿಲ್ದಾಣ, ಮಾರುಕಟ್ಟೆ ಮತ್ತು ಸಿದ್ಧಾರೂಢ ಮಠದ ಸುತ್ತಲಿನ ಖಾನಾವಳಿಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಸ್ಥಿತಿ ಇರುತ್ತದೆ. ಹೀಗಿರುವಲ್ಲಿ ಎಷ್ಟು ಜನರನ್ನು ಕಾಯಂ ಆಗಿ ಇಟ್ಟುಕೊಳ್ಳಬೇಕು, ಎಷ್ಟು ಜನರನ್ನು ಕೆಲವು ಗಂಟೆಗಳಿಗೆ ಮಾತ್ರ ಕರೆಯಬೇಕು, ದಿನಗೂಲಿಯವರು ಯಾವಾಗ ಬೇಕು ಎಂಬ ಪ್ರಶ್ನೆ ಮಾಲೀಕರಿಗೆ ಎದುರಾಗುತ್ತದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಯ ನೋಂದಣಿಗೆ ಅರ್ಜಿ ಸಲ್ಲಿಸುವಾಗ ನೌಕರರ ಸಂಖ್ಯೆಯನ್ನು ನಮೂದಿಸಬೇಕಾಗಿರುವುದರಿಂದ, ಅರ್ಜಿಗೆ ಮುಂಚೆಯೇ ಈ ಲೆಕ್ಕವನ್ನು ಮಾಡಿಕೊಳ್ಳುವುದು ಸೂಕ್ತ.

2. ಬೇಡಿಕೆಯ ಲೆಕ್ಕ

ಮೊದಲು ಎಂಟು ವಾರಗಳ ಕಾಲ ಪ್ರತಿದಿನ ಮಾರಾಟವಾದ ಊಟಗಳ ಸಂಖ್ಯೆಯನ್ನು ಮಧ್ಯಾಹ್ನ ಮತ್ತು ರಾತ್ರಿ ಎಂದು ಬೇರೆಬೇರೆಯಾಗಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹಣದ ಜಮೆಯನ್ನು ನೋಡಿ ಅಂದಾಜು ಮಾಡುವುದು ಸರಿಯಲ್ಲ. ಏಕೆಂದರೆ ಪಾರ್ಸೆಲ್ ಊಟಕ್ಕೆ ಬಡಿಸುವವರು ಬೇಕಿಲ್ಲ, ಆದರೆ ರೊಟ್ಟಿ ಬಡಿಯುವವರು ಬೇಕು. ಜಾತ್ರೆ, ಹಬ್ಬ ಮತ್ತು ಬಂದ್ ಇದ್ದ ದಿನಗಳನ್ನು ಸರಾಸರಿಯಿಂದ ಹೊರಗಿಡಬೇಕು.

ಮುಂದಿನ ವಿವರಣೆಗಾಗಿ ಹುಬ್ಬಳ್ಳಿಯ ಒಂದು ಖಾನಾವಳಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಲಾಗಿದೆ. ಅಲ್ಲಿ ದಿನವೊಂದಕ್ಕೆ ಸರಾಸರಿ ಊಟಗಳ ಸಂಖ್ಯೆ ಈ ಕೆಳಗಿನಂತಿದೆ:

- ಸೋಮವಾರ: 90
- ಮಂಗಳವಾರ, ಬುಧವಾರ, ಗುರುವಾರ: ತಲಾ 80
- ಶುಕ್ರವಾರ: 100
- ಶನಿವಾರ: 150
- ಭಾನುವಾರ: 160

ಅಡುಗೆ, ರೊಟ್ಟಿ, ಬಡಿಸುವಿಕೆ ಮತ್ತು ಪಾತ್ರೆ ತೊಳೆಯುವ ಕೆಲಸವೆಲ್ಲ ಸೇರಿ ದಿನಕ್ಕೆ ಪ್ರತಿ 20 ಊಟಗಳಿಗೆ ಒಬ್ಬ ಕೆಲಸಗಾರ ಬೇಕೆಂದು ಮಾಲೀಕರು ಅನುಭವದಿಂದ ಕಂಡುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಆಗ ಮಂಗಳವಾರ 4 ಜನ ಸಾಕು, ಭಾನುವಾರ 8 ಜನ ಬೇಕು. ವಾರದ 740 ಊಟಗಳಿಗೆ ಒಟ್ಟು 37 ಆಳುದಿನಗಳ ಕೆಲಸವಿದೆ.

3. ಎಲ್ಲರೂ ಪೂರ್ಣಾವಧಿ ಅಥವಾ ಎಲ್ಲರೂ ದಿನಗೂಲಿ ಆದಲ್ಲಿ

ಭಾನುವಾರದ ಬೇಡಿಕೆಗೆ ತಕ್ಕಂತೆ 8 ಜನರನ್ನೂ ಪೂರ್ಣಾವಧಿಗೆ ನೇಮಿಸಿದರೆ, ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ ಕೊಟ್ಟ ಬಳಿಕ 48 ಆಳುದಿನಗಳು ದೊರೆಯುತ್ತವೆ. ಕೆಲಸ ಇರುವುದು 37 ಆಳುದಿನಗಳಿಗೆ ಮಾತ್ರ. ಉಳಿದ 11 ಆಳುದಿನಗಳ ವೇತನವು ಪ್ರತಿವಾರವೂ ಕೆಲಸವಿಲ್ಲದೆ ಪಾವತಿಯಾಗುತ್ತದೆ.

ಎಲ್ಲರನ್ನೂ ದಿನಗೂಲಿಯ ಮೇಲೆ ಕರೆದರೆ 37 ಆಳುದಿನಗಳಿಗಷ್ಟೇ ಕೂಲಿ ಕೊಟ್ಟರೆ ಸಾಕೆಂದು ಕಾಗದದ ಮೇಲೆ ತೋರುತ್ತದೆ. ಆದರೆ ಗಿರಾಕಿ ಇಲ್ಲವೆಂದು ಮಧ್ಯಾಹ್ನ ಎರಡು ಗಂಟೆಗೆ ಕೆಲಸಗಾರರನ್ನು ಮನೆಗೆ ಕಳುಹಿಸಿ ಅರ್ಧ ಕೂಲಿ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾಗಿರುವ ಕೆಲಸಗಾರನಿಗೆ ಮಾಲೀಕರು ಪೂರ್ಣ ಅವಧಿಯ ಕೆಲಸ ಒದಗಿಸದಿದ್ದರೂ ಪೂರ್ಣ ದಿನದ ವೇತನವನ್ನೇ ನೀಡತಕ್ಕದ್ದು. ಕೆಲಸಗಾರನೇ ಕೆಲಸ ಮಾಡಲು ಒಪ್ಪದೆ ಹೋದ ಸಂದರ್ಭಕ್ಕೆ ಇದು ಅನ್ವಯಿಸುವುದಿಲ್ಲ. 1948ರ ಕನಿಷ್ಠ ವೇತನ ಅಧಿನಿಯಮದಲ್ಲಿದ್ದ ಈ ನಿಯಮವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ, 2019ರಲ್ಲಿಯೂ ಮುಂದುವರಿದಿದೆ. ಆದ್ದರಿಂದ ದಿನಗೂಲಿ ಪದ್ಧತಿಯಿಂದ ದಿನದ ನಡುವೆ ಯಾವ ಉಳಿತಾಯವೂ ಆಗುವುದಿಲ್ಲ. ಕರೆಯದೇ ಇದ್ದ ದಿನ ಮಾತ್ರ ಉಳಿತಾಯವಾಗುತ್ತದೆ.

ಇನ್ನೊಂದು ತೊಡಕೆಂದರೆ, ಖಾನಾವಳಿಗೆ ಹೆಚ್ಚು ಜನ ಬೇಕಾಗುವ ದಿನಗಳಲ್ಲಿಯೇ ದಿನಗೂಲಿಯವರು ಸಿಗುವುದು ಕಷ್ಟ. ಲಗ್ನಸರಾಯಿಯಲ್ಲಿ ಬಡಿಸುವವರು ಮತ್ತು ಅಡುಗೆಯವರು ಮಂಗಲ ಕಾರ್ಯಾಲಯಗಳಿಗೆ ಹೋಗುತ್ತಾರೆ. ಸುಗ್ಗಿಯ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಂದ ಬರುವವರು ಹೊಲದ ಕೆಲಸಕ್ಕೆ ನಿಲ್ಲುತ್ತಾರೆ. ಭಾನುವಾರದ ಊಟವು ಪೂರ್ತಿಯಾಗಿ ಅವರನ್ನೇ ನಂಬಿಕೊಂಡಿರುವುದು ಕ್ಷೇಮವಲ್ಲ.

4. ಮಿಶ್ರ ವ್ಯವಸ್ಥೆ: ಉದಾಹರಣೆಯ ಲೆಕ್ಕ

ವರ್ಗವನ್ನು ನಿರ್ಧರಿಸಲು ಸರಳವಾದ ನಿಯಮವೊಂದಿದೆ. ಎಲ್ಲ ದಿನವೂ ಇರುವ ಕೆಲಸ ಪೂರ್ಣಾವಧಿಯವರದು. ಗೊತ್ತಾದ ದಿನ, ಗೊತ್ತಾದ ಗಂಟೆಗಳಲ್ಲಿ ಮರಳಿ ಮರಳಿ ಬರುವ ಹೆಚ್ಚುವರಿ ಕೆಲಸ ಅರೆಕಾಲಿಕರದು. ಮುಂಚಿತವಾಗಿ ಗೊತ್ತಿಲ್ಲದ ಅಥವಾ ವರ್ಷಕ್ಕೆ ಕೆಲವೇ ದಿನ ಬರುವ ಕೆಲಸ ಮಾತ್ರ ದಿನಗೂಲಿಯವರದು. ಪ್ರತಿ ಭಾನುವಾರದ ದಟ್ಟಣೆಯು ಅನಿರೀಕ್ಷಿತವಲ್ಲ. ಆದಕಾರಣ ಅದಕ್ಕೆ ದಿನಗೂಲಿಯವರನ್ನು ಅವಲಂಬಿಸುವ ಅಗತ್ಯವಿಲ್ಲ.

ಮೇಲಿನ ಖಾನಾವಳಿಯಲ್ಲಿ 5 ಜನರನ್ನು ಪೂರ್ಣಾವಧಿಗೆ ನೇಮಿಸಿ, ಅವರ ವಾರದ ರಜೆಯನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಬ್ಬರಂತೆ ಹಂಚಿದರೆ, ಆ ಐದು ದಿನಗಳಲ್ಲಿ ತಲಾ 4 ಜನ ಹಾಗೂ ಶನಿವಾರ, ಭಾನುವಾರ ತಲಾ 5 ಜನ ಲಭ್ಯರಿರುತ್ತಾರೆ. ಇದರಿಂದ 30 ಆಳುದಿನಗಳ ಕೆಲಸ ನಡೆಯುತ್ತದೆ. ಮಂಗಳವಾರದಿಂದ ಗುರುವಾರದವರೆಗೆ ಹೊರಗಿನವರ ಅಗತ್ಯವೇ ಬೀಳುವುದಿಲ್ಲ.

ಉಳಿದ 7 ಆಳುದಿನಗಳನ್ನು ನಾಲ್ಕು ಗಂಟೆಗಳ 14 ಅರ್ಧಪಾಳಿಗಳಾಗಿ ಒಡೆಯಬಹುದು. ಸೋಮವಾರ ಮಧ್ಯಾಹ್ನ 1, ಶುಕ್ರವಾರ 2, ಶನಿವಾರ 5, ಭಾನುವಾರ 6 ಅರ್ಧಪಾಳಿಗಳು ಬೇಕಾಗುತ್ತವೆ. ಊಟದ ದಟ್ಟಣೆಯು ಮಧ್ಯಾಹ್ನ ಮತ್ತು ರಾತ್ರಿ ಕೆಲವೇ ಗಂಟೆಗಳಿಗೆ ಸೀಮಿತವಾಗಿರುವುದರಿಂದ ಅರ್ಧಪಾಳಿಯೇ ಅದಕ್ಕೆ ಸರಿಹೊಂದುತ್ತದೆ. ಸಮೀಪದ ಬಡಾವಣೆಯ ಮಹಿಳೆಯರು ಹಾಗೂ ವಯಸ್ಕ ಕಾಲೇಜು ವಿದ್ಯಾರ್ಥಿಗಳು ಇಂತಹ ಪಾಳಿಗೆ ನಿಯಮಿತವಾಗಿ ಬರಲು ಒಪ್ಪುವುದುಂಟು. ದಿನ, ಗಂಟೆ ಮತ್ತು ಗಂಟೆಯ ದರವನ್ನು ಕೆಲಸಕ್ಕೆ ಸೇರುವಾಗಲೇ ಲಿಖಿತವಾಗಿ ತಿಳಿಸತಕ್ಕದ್ದು. ಬರಹವಿಲ್ಲದಿದ್ದರೆ ಅವರು ದಿನಗೂಲಿಯವರೇ ಎಂಬ ವಾದವೆದ್ದು ಪೂರ್ಣ ದಿನದ ವೇತನದ ತಕರಾರು ಉಂಟಾಗಬಹುದು. ಗಂಟೆಗೆ ನೀಡುವ ದರವು ಆ ಕೆಲಸಕ್ಕೆ ನಿಗದಿಯಾದ ಕನಿಷ್ಠ ವೇತನದ ಪ್ರಮಾಣಕ್ಕಿಂತ ಕಡಿಮೆ ಇರಕೂಡದು.

5. ಜನ ಹೆಚ್ಚಿಸಿದರೂ ಕೆಲಸ ಹೆಚ್ಚದ ಸಂದರ್ಭ

ಖಾನಾವಳಿಯಲ್ಲಿ ಕೆಲಸದ ವೇಗವನ್ನು ಅನೇಕ ಸಲ ಜನರಲ್ಲ, ರೊಟ್ಟಿಯ ಹಂಚು ನಿರ್ಧರಿಸುತ್ತದೆ. ಉದಾಹರಣೆಯ ಖಾನಾವಳಿಯಲ್ಲಿ ಎರಡು ಹಂಚುಗಳಿದ್ದು, ಒಂದು ಹಂಚಿನಲ್ಲಿ ಗಂಟೆಗೆ 40 ಜೋಳದ ರೊಟ್ಟಿ ಬೇಯುತ್ತದೆ ಎಂದುಕೊಂಡರೆ, ಮಧ್ಯಾಹ್ನದ ಮೂರು ಗಂಟೆಗಳಲ್ಲಿ 240 ಬಿಸಿ ರೊಟ್ಟಿಗಳಾಗುತ್ತವೆ. ಭಾನುವಾರ ಮಧ್ಯಾಹ್ನ 100 ಊಟಗಳಿಗೆ ತಲಾ 3ರಂತೆ 300 ರೊಟ್ಟಿ ಬೇಕು. ಇಲ್ಲಿ ರೊಟ್ಟಿ ಬಡಿಯಲು ಮೂರನೆಯವರನ್ನು ಕರೆದರೂ ಕೊರತೆಯಾದ 60 ರೊಟ್ಟಿಗಳು ಸಿಗುವುದಿಲ್ಲ. ಬಡಿಸುವವರು ಕೈಕಟ್ಟಿ ನಿಂತಿರುವಾಗಲೂ ಗಿರಾಕಿಗಳು ರೊಟ್ಟಿಗಾಗಿ ಕಾಯುತ್ತಿದ್ದರೆ ಕೊರತೆ ಇರುವುದು ಹಂಚಿನಲ್ಲಿ ಎಂದು ತಿಳಿಯಬೇಕು.

ಇದಕ್ಕೆ ಮೂರನೆಯ ಒಲೆ ಹೂಡುವುದು ಒಂದು ಮಾರ್ಗ. ಬಿಡುವಿರುವ ಮಂಗಳವಾರ ಅಥವಾ ಬುಧವಾರ 60 ಕಡಕ್ ರೊಟ್ಟಿಗಳನ್ನು ಮಾಡಿಟ್ಟು ಭಾನುವಾರ ಬಡಿಸುವುದು ಇನ್ನೊಂದು ಮಾರ್ಗ. ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮತ್ತು ಮಸಾಲೆ ಪುಡಿಗಳನ್ನೂ ಹಾಗೆಯೇ ಬಿಡುವಿನ ದಿನಗಳಲ್ಲಿ ಸಿದ್ಧಪಡಿಸಬಹುದು. ಹೀಗೆ ವಾರಾಂತ್ಯದ ಕೆಲಸವು ಪೂರ್ಣಾವಧಿಯವರ ಬಿಡುವಿನ ಗಂಟೆಗಳಿಗೆ ಸರಿಯುವುದರಿಂದ ಹೊರಗಿನವರ ಅಗತ್ಯ ಇನ್ನಷ್ಟು ತಗ್ಗುತ್ತದೆ. ಪಲ್ಯ, ಮೊಸರು, ಬಿಸಿ ರೊಟ್ಟಿಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

6. ನೌಕರರ ಸಂಖ್ಯೆ ಮತ್ತು ನೌಕರರ ರಾಜ್ಯ ವಿಮೆ

ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ನೌಕರರಿದ್ದಲ್ಲಿ ನೌಕರರ ರಾಜ್ಯ ವಿಮಾ ಯೋಜನೆ ಅನ್ವಯಿಸುತ್ತದೆ. ಈ ಎಣಿಕೆಯಲ್ಲಿ ಅರೆಕಾಲಿಕರೂ ದಿನಗೂಲಿಯವರೂ ಸೇರುತ್ತಾರೆ. ಮೇಲಿನ ಖಾನಾವಳಿಯಲ್ಲಿ ವಾರಾಂತ್ಯಕ್ಕೆ ಮೂವರೇ ಮಧ್ಯಾಹ್ನ ಮತ್ತು ರಾತ್ರಿಯ ಅರ್ಧಪಾಳಿಗಳೆರಡನ್ನೂ ನಿರ್ವಹಿಸಿದರೆ ಒಟ್ಟು ನೌಕರರು 8 ಜನ. ಪ್ರತಿ ಪಾಳಿಗೂ ಬೇರೆಬೇರೆ ಜನರಂತೆ ಆರು ಮಂದಿಯನ್ನು ಕರೆದರೆ ಒಟ್ಟು 11 ಜನ. ಕೆಲಸದ ಗಂಟೆಗಳು ಎರಡರಲ್ಲಿಯೂ ಒಂದೇ ಆದರೂ ಎರಡನೆಯ ವ್ಯವಸ್ಥೆಗೆ ಯೋಜನೆ ಅನ್ವಯವಾಗುತ್ತದೆ. ಒಮ್ಮೆ ಅನ್ವಯವಾದ ಬಳಿಕ ಸಂಖ್ಯೆ ಇಳಿದರೂ ಅದು ಮುಂದುವರಿಯುತ್ತದೆ.

ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ಮಾಲೀಕರ ವಂತಿಗೆ ವೇತನದ ಶೇ. 3.25 ಹಾಗೂ ನೌಕರರ ವಂತಿಗೆ ಶೇ. 0.75 ಆಗಿರುತ್ತದೆ. ಈ ವೆಚ್ಚಕ್ಕೆ ಅಂಜಿ ವಾರಾಂತ್ಯದವರ ಹೆಸರನ್ನು ಹಾಜರಾತಿ ಪುಸ್ತಕದಲ್ಲಿ ಬರೆಯದಿರುವುದು ಅಪರಾಧ. ಮೇಲಾಗಿ, ಕುದಿಯುವ ಎಣ್ಣೆ ಅಥವಾ ಸಾರು ಮೈಮೇಲೆ ಬಿದ್ದಾಗ ಆ ಹೆಸರಿಲ್ಲದ ಕೆಲಸಗಾರನ ಚಿಕಿತ್ಸೆ ಮತ್ತು ಪರಿಹಾರದ ಹೊಣೆಯು ಮಾಲೀಕರ ಮೇಲೆಯೇ ಬರುತ್ತದೆ.

7. ದಿನಗೂಲಿಯವರನ್ನು ಕರೆಯುವಾಗ

ಮಹಾಶಿವರಾತ್ರಿಯ ಸಂದರ್ಭದ ಸಿದ್ಧಾರೂಢರ ಜಾತ್ರೆ, ಧಾರವಾಡದ ಕೃಷಿ ಮೇಳ, ಒಮ್ಮೆಲೇ ಬಂದ ದೊಡ್ಡ ಊಟದ ಬೇಡಿಕೆ, ಅಥವಾ ಕಾಯಂ ನೌಕರರೊಬ್ಬರ ಅನಾರೋಗ್ಯ, ಇಂತಹ ಸಂದರ್ಭಗಳಿಗೆ ದಿನಗೂಲಿ ಪದ್ಧತಿ ಸೂಕ್ತ. ದಿನಗೂಲಿಯವರ ವೇತನವನ್ನು ಅಂದಿನ ಪಾಳಿ ಮುಗಿದ ಕೂಡಲೇ ಪಾವತಿಸಿ ಸಹಿ ಪಡೆಯತಕ್ಕದ್ದು. ಆಹಾರವನ್ನು ಮುಟ್ಟಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಅಗತ್ಯವಾದುದರಿಂದ, ಅಂದೇ ಕರೆತಂದ ಅಪರಿಚಿತರನ್ನು ಅಡುಗೆಮನೆಗೆ ಬಿಡುವಂತಿಲ್ಲ. ಪ್ರಮಾಣಪತ್ರವುಳ್ಳ ನಾಲ್ಕೈದು ಜನರ ಹೆಸರುಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. 14 ವರ್ಷದೊಳಗಿನ ಮಕ್ಕಳನ್ನು ಒಂದು ದಿನದ ಮಟ್ಟಿಗೂ ನೇಮಿಸಕೂಡದು.

8. ವ್ಯವಸ್ಥೆಯ ಪರಿಶೀಲನೆ

ಮೂರು ತಿಂಗಳಿಗೊಮ್ಮೆ ಹಾಜರಾತಿ ಮತ್ತು ವೇತನ ಪುಸ್ತಕಗಳನ್ನು ಊಟದ ಲೆಕ್ಕದೊಂದಿಗೆ ಹೋಲಿಸಿ ನೋಡಬೇಕು. ದಿನಗೂಲಿ ಪುಟದಲ್ಲಿ ಒಂದೇ ಹೆಸರು ಎಂಟು ವಾರ ಒಂದೇ ದಿನ ಕಂಡುಬಂದರೆ ಅವರನ್ನು ಅರೆಕಾಲಿಕರೆಂದು ಲಿಖಿತವಾಗಿ ನೇಮಿಸುವುದು ಸರಿ. ಪೂರ್ಣಾವಧಿಯವರು ಪ್ರತಿ ವಾರಾಂತ್ಯವೂ ಹೆಚ್ಚುವರಿ ಅವಧಿ ದುಡಿಯುತ್ತಿದ್ದರೆ ಅರ್ಧಪಾಳಿಗಳು ಸಾಲದಾಗಿವೆ ಎಂದರ್ಥ. ಹೆಚ್ಚುವರಿ ಅವಧಿಗೆ ಎರಡು ಪಟ್ಟು ದರ ತೆರಬೇಕಾಗಿರುವುದರಿಂದ ಆ ಸ್ಥಳಕ್ಕೆ ಒಬ್ಬ ಅರೆಕಾಲಿಕರನ್ನು ನೇಮಿಸುವುದೇ ಅಗ್ಗ. ಅರೆಕಾಲಿಕರೊಬ್ಬರು ವಾರದ ಆರು ದಿನವೂ ಬರತೊಡಗಿದ್ದರೆ ಆರನೆಯ ಪೂರ್ಣಾವಧಿ ನೌಕರರ ಅಗತ್ಯವನ್ನು ಪರಿಶೀಲಿಸಬೇಕು.

9. ಅರ್ಜಿದಾರರ ಗಮನಕ್ಕೆ

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರಡಿ ಖಾನಾವಳಿ ಮತ್ತು ಉಪಾಹಾರ ಗೃಹಗಳೂ ವಾಣಿಜ್ಯ ಸಂಸ್ಥೆಗಳಾಗಿರುತ್ತವೆ. ನೋಂದಣಿ ಶುಲ್ಕವು ನೌಕರರ ಸಂಖ್ಯೆಯನ್ನು ಅವಲಂಬಿಸಿದೆ. ಅರ್ಜಿಯಲ್ಲಿ ಮೂರೂ ವರ್ಗಗಳ ನೌಕರರನ್ನು ಸೇರಿಸಿ ಸಂಖ್ಯೆಯನ್ನು ನಮೂದಿಸತಕ್ಕದ್ದು. ಚಾಲ್ತಿಯಲ್ಲಿರುವ ಕನಿಷ್ಠ ವೇತನದ ದರಗಳನ್ನು ನೇಮಕಕ್ಕೆ ಮುನ್ನ ಸಂಬಂಧಿಸಿದ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ತಿಳಿದುಕೊಳ್ಳತಕ್ಕದ್ದು.